ಮತ್ತೆ ಅದೇ ಸಾಹೇಬರ ಟೇಬಲ್ಲಿಗೆ ಏಕೆ?

ಪ್ರಶ್ನೆ: ನಮ್ಮಣ್ಣನ ನ್ಯಾಯಬೆಲೆ ಅಂಗಡಿಯ ಲೈಸೆನ್ಸನ್ನು ಅಧಿಕಾರಿ ರದ್ದು ಮಾಡಿದರು. ಹೈಕೋರ್ಟಿಗೆ ಹೋದೆವು. ಆ ಆದೇಶ ತಪ್ಪು ಎಂದ ನ್ಯಾಯಾಧೀಶರು, ಎಂಟು ವಾರದಲ್ಲಿ ಹೊಸದಾಗಿ ತೀರ್ಮಾನಿಸಿ ಎಂದು ಅದೇ ಅಧಿಕಾರಿಗೆ ಕಳಿಸಿದ್ದಾರೆ. ತಪ್ಪು ಅಂತ ಗೊತ್ತಾದ ಮೇಲೆ ಕೋರ್ಟೇ ಪೂರ್ತಿ ತೀರ್ಮಾನ ಕೊಡಬಾರದೇ? ಹೀಗೆ ಅಲೆಸುವುದು ನ್ಯಾಯವೇ?
— ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಎಷ್ಟು ಸಲ ಹೋಗಿ ಬಂದಿರೋ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನೀವು ಕಳಿಸಿದ ಪ್ರತಿಗಳನ್ನು ಎರಡು ಸಲ ಓದಿದೆ.

ತಪಾಸಣೆಯ ದಿನ ಪುಸ್ತಕದಲ್ಲಿ 42 ಮೂಟೆ ಅಕ್ಕಿ ಇತ್ತು, ಅಂಗಡಿಯಲ್ಲಿ 38 ಸಿಕ್ಕವು. ಹರಿದ ನಾಲ್ಕು ಮೂಟೆ ಹಿಂದಿನ ಕೋಣೆಯಲ್ಲಿದ್ದವು, ಅದನ್ನು ತೆರೆದೇ ನೋಡಲಿಲ್ಲ ಎಂದು ಅಣ್ಣ ಉತ್ತರ ಬರೆದಿದ್ದಾರೆ. ಅದಕ್ಕೆ ಅಧಿಕಾರಿಯ ಆದೇಶದಲ್ಲಿರುವುದು ಒಂದೇ ಸಾಲು: ‘ಸಮಜಾಯಿಷಿ ತೃಪ್ತಿಕರವಾಗಿರುವುದಿಲ್ಲ.’ ಯಾಕೆ ತೃಪ್ತಿಯಿಲ್ಲ? ಕೋಣೆ ನೋಡಿದರಾ? ಒಂದಕ್ಷರವೂ ಇಲ್ಲ. ಕೋರ್ಟು ಹಿಡಿದಿದ್ದು ಇದನ್ನೇ. ಉತ್ತರ ಕೇಳಿದ ಮೇಲೆ ಅದನ್ನು ಓದಬೇಕು, ಒಪ್ಪದಿದ್ದರೆ ಕಾರಣ ಬರೆಯಬೇಕು.

ಈಗ ಗಮನಿಸಿ. ಮೂಟೆ 38 ಇದ್ದವೋ 42 ಇದ್ದವೋ ಎಂಬುದನ್ನು ಕೋರ್ಟು ಹೇಳಲೇ ಇಲ್ಲ. ಹೇಳುವ ಕೆಲಸ ಅದರದ್ದಲ್ಲ. ಶಾಸಕಾಂಗ ಕಾನೂನು ಮಾಡುತ್ತದೆ, ಕಾರ್ಯಾಂಗ ಅದನ್ನು ನಡೆಸುತ್ತದೆ, ಕಾನೂನಿನಂತೆ ನಡೆಯಿತೇ ಎಂದು ನ್ಯಾಯಾಂಗ ನೋಡುತ್ತದೆ. ಅಂಗಡಿ ಯಾರ ಕೈಲಿರಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ಕಾನೂನು ಕೊಟ್ಟಿರುವುದು ಅಧಿಕಾರಿಗೆ. ಆತ ಎಡವಿದರೆ ಮಂತ್ರಿಯನ್ನು ಸದನದಲ್ಲಿ ಪ್ರಶ್ನಿಸಬಹುದು, ಮಂತ್ರಿಯನ್ನು ನೀವು ಓಟಿನಲ್ಲಿ ಪ್ರಶ್ನಿಸಬಹುದು. ನ್ಯಾಯಾಧೀಶರೇ ಅಂಗಡಿ ಹಂಚಲು ಕೂತರೆ ಯಾರನ್ನು ಕೇಳುತ್ತೀರಿ? ಅಷ್ಟೇ ಅಲ್ಲ, ಅವರೇ ತೀರ್ಮಾನ ಮಾಡಿದ ಮೇಲೆ ಅದು ನೆಟ್ಟಗಿದೆಯೇ ಎಂದು ಹೊರಗೆ ನಿಂತು ನೋಡುವವರೂ ಉಳಿಯುವುದಿಲ್ಲ, ಅಲ್ವಾ?

ನಮ್ಮ ರಾಜ್ಯದ್ದೇ ದೊಡ್ಡ ಪ್ರಕರಣವೊಂದಿದೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ತಂದರು. ಬಹುಮತ ಹೋಗಿದೆ ಎಂದು ರಾಜ್ಯಪಾಲರು ವರದಿ ಕಳಿಸಿದ್ದರು. ಸದನದಲ್ಲಿ ಸಾಬೀತು ಮಾಡುತ್ತೇನೆ ಎಂದರೂ ಬೊಮ್ಮಾಯಿಯವರಿಗೆ ಅವಕಾಶ ಸಿಗಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ಕೋರ್ಟು ಪರಿಶೀಲಿಸಬಹುದು ಎಂದಿತು. ಆದರೆ ಎಷ್ಟರ ಮಟ್ಟಿಗೆ? ಘೋಷಣೆಗೆ ಆಧಾರವಾದ ಸಂಗತಿ ಏನಾದರೂ ಇತ್ತೇ, ಅದು ವಿಷಯಕ್ಕೆ ಸಂಬಂಧಪಟ್ಟಿತ್ತೇ, ದುರುದ್ದೇಶವಿತ್ತೇ ಎಂದು ನೋಡಬಹುದು. ಆ ಆಧಾರ ಸಾಕೋ ಸಾಲದೋ ಎಂದು ತೂಗುವಂತಿಲ್ಲ. ಬಹುಮತವನ್ನೂ ಕೋರ್ಟು ತಾನು ಎಣಿಸಲಿಲ್ಲ, ಎಣಿಸುವ ಜಾಗ ಸದನ ಎಂದಿತು. ನಿಮ್ಮ ಮೂಟೆಯ ವಿಚಾರದಲ್ಲೂ ನಡೆದಿರುವುದು ಇದೇ: ನೀವೇ ಎಣಿಸಿ, ಆದರೆ ಸರಿಯಾಗಿ ಎಣಿಸಿ.

ಮೂರೂ ಅಂಗಗಳ ನಡುವೆ ಗಟ್ಟಿ ಗೋಡೆಯೇನೂ ಇಲ್ಲ ಎಂಬುದೂ ನಿಜ. ಮಂತ್ರಿಗಳು ಶಾಸಕರೂ ಹೌದು. ಕೋರ್ಟು ಕೂಡ ಕೆಲವೊಮ್ಮೆ ‘ಇದನ್ನೇ ಮಾಡಿ’ ಎಂದು ನೇರ ಆದೇಶ ಕೊಡುತ್ತದೆ. ಕಾನೂನಿನಲ್ಲಿ ಒಂದೇ ದಾರಿ ಉಳಿದಿದ್ದಾಗ, ಅಥವಾ ಅಧಿಕಾರಿ ಬೇಕಂತಲೇ ಮತ್ತೆ ಮತ್ತೆ ಅದೇ ತಪ್ಪು ಮಾಡಿದಾಗ ಹಾಗಾಗುವುದುಂಟು. ನಿಮ್ಮದರಲ್ಲಿ ಇನ್ನೂ ಎರಡು ದಾರಿ ಇವೆ. ನಾಲ್ಕು ಮೂಟೆ ನಿಜಕ್ಕೂ ಇರಲಿಲ್ಲ ಎಂದಾದರೆ ಅಧಿಕಾರಿ ಕಾರಣ ಬರೆದು ಮತ್ತೆ ರದ್ದು ಮಾಡಬಹುದು. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲಾರೆ.

ಆಗ ಇಲಾಖೆಯೊಳಗಿನ ಮೇಲ್ಮನವಿಯನ್ನು ಮರೆಯಬೇಡಿ. ಮೇಲ್ಮನವಿ ಕೇಳುವವರೂ ಕಾರ್ಯಾಂಗದವರೇ. ಹಾಗಾಗಿ ಮೂಟೆಯ ಲೆಕ್ಕವನ್ನು ಅವರು ಮೊದಲಿನಿಂದ ನೋಡಿ ತಮ್ಮದೇ ತೀರ್ಮಾನ ಕೊಡಬಹುದು. ನೀವು ಹೈಕೋರ್ಟಿಗೆ ಹಾಕಿದಂಥ ರಿಟ್ ಅರ್ಜಿಯಲ್ಲಿ ಸಾಮಾನ್ಯವಾಗಿ ಸಿಗದಿರುವುದು ಇದೇ. ತುಂಬಾ ಜನ ಈ ವ್ಯತ್ಯಾಸ ತಿಳಿಯದೆ ವರ್ಷಗಟ್ಟಲೆ ಕಳೆಯುತ್ತಾರೆ.

ಸದ್ಯಕ್ಕೆ, ತೀರ್ಪಿನ ಕೊನೆಯ ಪುಟವನ್ನು ವಕೀಲರ ಜೊತೆ ಕೂತು ಓದಿ. ರದ್ದತಿ ಆದೇಶ ಬಿದ್ದುಹೋದ ಮೇಲೆ ಲೈಸೆನ್ಸಿಗೆ ಸಾಮಾನ್ಯವಾಗಿ ಮತ್ತೆ ಜೀವ ಬರುತ್ತದೆ. ಹೊಸ ಆದೇಶ ಬರುವ ತನಕ ಬೇರೆ ಏನಾದರೂ ಹೇಳಿದ್ದಾರಾ ನೋಡಿಕೊಳ್ಳಿ. ಹಿಂದಿನ ಕೋಣೆಯ ವಿಚಾರ, ಮೂಟೆ ಕಂಡವರ ಹೇಳಿಕೆ, ದಾಸ್ತಾನು ಪುಸ್ತಕದ ಪ್ರತಿ, ಎಲ್ಲವನ್ನೂ ಬರಹದಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಫೈಲಿಗೆ ಹೋಗುವುದಿಲ್ಲ. ಮುಂದೆ ಮತ್ತೆ ಕೋರ್ಟಿಗೆ ಹೋಗಬೇಕಾಗಿ ಬಂದರೆ ನ್ಯಾಯಾಧೀಶರ ಮುಂದೆ ಇರುವುದು ಆ ಫೈಲು ಮಾತ್ರ.