ತೋಟ ಇದ್ದವರು ಸೂಕ್ಷ್ಮ ಉದ್ಯಮದವರು ಹೇಗೆ?

"ತೋಟ, ಜೀಪು ಎಲ್ಲಾ ಇದೆ, ನಿನಗ್ಯಾಕೆ ಸೂಕ್ಷ್ಮ ಉದ್ಯಮದ ಸರ್ಟಿಫಿಕೇಟು?" ಅಂತ ನಿನ್ನೆ ಕೇಳಿದೆಯಲ್ಲ. ಬೆಂಗಳೂರಿನಿಂದ ಬಂದವರಿಗೆ ನಮ್ಮ ಸಕಲೇಶಪುರ ಅಂದರೆ ಮಂಜು, ಹೋಂಸ್ಟೇ ಅಷ್ಟೇ. ಘಟ್ಟದ ಅಂಚಿನ ಈ ತಾಲ್ಲೂಕಿನಲ್ಲಿ ನಾವು ಕಾಫಿ ಬೆಳೆಯುವುದಷ್ಟೇ ಅಲ್ಲ, ಹುರಿದು ಪುಡಿ ಮಾಡಿ ಮಾರುತ್ತೇವೆ. ನೀನೂ ಈಗ ಅದೇ ಶುರು ಮಾಡುತ್ತಿದ್ದೀಯ, ಕೇಳು.

ಈ ಸರ್ಟಿಫಿಕೇಟು ಸಿಗುವುದು ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿಯಿಂದ. ಅದರಲ್ಲಿ ಹೂಡಿಕೆಗೆ ಜಮೀನು, ಕಟ್ಟಡ, ಪೀಠೋಪಕರಣದ ಬೆಲೆ ಸೇರುವುದಿಲ್ಲ. ನಿನ್ನ ಶೆಡ್ಡಿಗೆ 30 ಲಕ್ಷ ಆಗಿರಲಿ, ಅದನ್ನು ಬಿಡು. ಹುರಿಯುವ ಯಂತ್ರ 9 ಲಕ್ಷ, ಗ್ರೈಂಡರ್ 2 ಲಕ್ಷ, ಪ್ಯಾಕಿಂಗ್ ಯಂತ್ರ 1 ಲಕ್ಷ. ಜಿಎಸ್‌ಟಿ ಬಿಟ್ಟು ಒಟ್ಟು 12 ಲಕ್ಷ, ಇಷ್ಟೇ ನಿನ್ನ ಹೂಡಿಕೆ. ಹೊಸಬನಾದ್ದರಿಂದ ನೀನು ಹೇಳಿದ್ದೇ ಲೆಕ್ಕ. ಮುಂದೆ ಆದಾಯ ತೆರಿಗೆ ರಿಟರ್ನ್ಸ್‌ನಿಂದ ಅಂಕಿ ತೆಗೆದುಕೊಳ್ಳುತ್ತಾರೆ.

2025ರ ಏಪ್ರಿಲ್ 1ರಿಂದ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ದಾಟದಿದ್ದರೆ ಸೂಕ್ಷ್ಮ. ಎರಡರಲ್ಲಿ ಒಂದು ದಾಟಿದರೂ ಮೇಲಿನ ವರ್ಗಕ್ಕೆ, ಅಂದರೆ ಸಣ್ಣ ಉದ್ಯಮಕ್ಕೆ ಹೋಗುತ್ತೀಯ. ಅದರ ಮಿತಿ 25 ಕೋಟಿ ಮತ್ತು 100 ಕೋಟಿ. ರಫ್ತಿನ ಹಣ ವಹಿವಾಟಿಗೆ ಸೇರುವುದಿಲ್ಲ. ಒಂದೇ ಪ್ಯಾನ್‌ನ ಯೂನಿಟ್‌ಗಳೆಲ್ಲ ಸೇರಿ ಒಂದೇ ಉದ್ಯಮ.

ಹೆಸರು, ವಿಳಾಸ, ಶುರುವಾದ ದಿನ, ಇವೆಲ್ಲ ನೀನೇ ತುಂಬುತ್ತೀಯ. ನನ್ನನ್ನು ಹಣ್ಣು ಮಾಡಿದ್ದು `MAJOR ACTIVITY`, ಅಂದರೆ ಮುಖ್ಯ ಕೆಲಸ ಅನ್ನುವ ಸಾಲು. ಅರ್ಜಿ ತುಂಬಿಕೊಟ್ಟವರು ನನ್ನನ್ನು ವ್ಯಾಪಾರಿ ಅಂತ ಹಾಕಿಬಿಟ್ಟರು. 'ಕಾಫಿಪುಡಿ ಮಾರ್ತೀರಲ್ವಾ ಸಾರ್' ಅಂದರು. ನಾನೂ ನೋಡಲಿಲ್ಲ. ಒಬ್ಬ ಗಿರಾಕಿ ನಾಲ್ಕು ತಿಂಗಳು ದುಡ್ಡು ಕೊಡದೆ ಸತಾಯಿಸಿದಾಗ ಗೊತ್ತಾಯಿತು. ಸೂಕ್ಷ್ಮ, ಸಣ್ಣ ಉದ್ಯಮದವರ ಬಾಕಿಯನ್ನು ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ಇದು 2006ರ ಕಾಯ್ದೆ. ಆದರೆ ವ್ಯಾಪಾರಿಗಳಿಗೆ 2021ರಿಂದ ನೋಂದಣಿ ಇದ್ದರೂ ಸಿಗುವುದು ಬ್ಯಾಂಕಿನ ಆದ್ಯತಾ ಸಾಲದ ಅನುಕೂಲ ಮಾತ್ರ. ವರ್ಷಪೂರ್ತಿ ಹೊಗೆಯಲ್ಲಿ ನಿಂತು ಬೀಜ ಹುರಿಯುವವನನ್ನು ವ್ಯಾಪಾರಿ ಅಂತ ಬರೆದರೆ ಹೊಟ್ಟೆ ಉರಿಯುವುದಿಲ್ವಾ?

ಅದಕ್ಕೇ ನೀನು ಮಾಡುವ ಕೆಲಸ ಯಾವುದು ಅಂತ ಹೇಳುವ ಎನ್‌ಐಸಿ ಕೋಡ್ ಸರಿಯಾಗಿ ನೋಡು. ಕಾಫಿ ಹುರಿದು ಪುಡಿ ಮಾಡುವುದಕ್ಕೆ 10792. ಮೊದಲೆರಡು ಅಂಕಿ 10, ಅಂದರೆ ಆಹಾರ ತಯಾರಿಕೆ. ಸಗಟು ವ್ಯಾಪಾರ 46ರಿಂದ, ಚಿಲ್ಲರೆ 47ರಿಂದ ಶುರುವಾಗುತ್ತದೆ. ಸರ್ಟಿಫಿಕೇಟಿನಲ್ಲಿ ಅವೆರಡೇ ಕಂಡರೆ ತಪ್ಪಾಗಿದೆ ಅಂತ ತಿಳಿ. ತಿದ್ದುವುದೂ udyamregistration.gov.in ನಲ್ಲೇ, ಪುಕ್ಕಟೆ. ದುಡ್ಡು ಕೇಳುವ ಸೈಟು ಸರ್ಕಾರದ್ದಲ್ಲ. ಸೋಮವಾರ ಆಧಾರ್‌ಗೆ ಜೋಡಿಸಿದ ಫೋನ್ ತಗೊಂಡು ನಮ್ಮ ಮನೆಗೆ ಬಾ, ಓಟಿಪಿ ಅದಕ್ಕೇ ಬರುವುದು. ಕೂತು ತುಂಬೋಣ.