ಸ್ಟಾಲ್ ಸ್ಪೀಡ್ ಒಂದಲ್ಲ, ಸ್ಟಾಲ್ ಕೋನ ಮಾತ್ರ ಒಂದೇ

"ಸ್ಟಾಲ್ ಆಗೋದು ಆಂಗಲ್ ಆಫ್ ಅಟ್ಯಾಕ್‌ನಿಂದ, ಸ್ಪೀಡ್‌ನಿಂದ ಅಲ್ಲ ಅಂತ ಓದಿದೆ. ಹಾಗಾದ್ರೆ ಸ್ಟಾಲ್ ಸ್ಪೀಡ್ ಅಂತ ಒಂದು ನಂಬರ್ ಯಾಕೆ ಕೊಡ್ತಾರೆ? ಅದೇ ವಿಮಾನ ಒಮ್ಮೆ 50 ನಾಟ್‌ಗೆ, ಇನ್ನೊಮ್ಮೆ 70 ನಾಟ್‌ಗೆ ಸ್ಟಾಲ್ ಆಗೋದು ಹೇಗೆ?"

ವಿಮಾನವನ್ನು ಎತ್ತಿ ಹಿಡಿಯುವ ಬಲವೇ ಲಿಫ್ಟ್, ರೆಕ್ಕೆ ಅದನ್ನು ಸಾಕಷ್ಟು ಕೊಡಲಾಗದೆ ಸೋಲುವುದೇ ಸ್ಟಾಲ್. ನಾನು ಸಣ್ಣ ವಿಮಾನಗಳಲ್ಲಿ ಹಾರಾಟ ಕಲಿಸುತ್ತೇನೆ. ಕಲಿಯಲು ಬರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಪರೀಕ್ಷೆಯಲ್ಲಿ ಉತ್ತರ ಸರಿಯಾಗಿ ಬರೆಯುತ್ತಾರೆ, ಆದರೆ ಎಳೆದರೆ ಮೂತಿ ಏರುವ, ತಿರುಗಿಸಿದರೆ ವಿಮಾನ ಓರೆಯಾಗುವ ಯೋಕ್ ಎಂಬ ಹಿಡಿಕೆ ಕೈಗೆ ಬಂದಾಗ ಕಣ್ಣು ಸ್ಪೀಡ್ ಮೀಟರ್ ಮೇಲೆಯೇ ಇರುತ್ತದೆ.

ಮೊದಲು ಕೋನ ಯಾವುದು ಅಂತ ನೋಡೋಣ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಒಂದು ನೇರ ಗೆರೆ ಎಳೆಯಿರಿ. ಎದುರಿನಿಂದ ಗಾಳಿ ಯಾವ ದಿಕ್ಕಿನಲ್ಲಿ ಬರುತ್ತಿದೆಯೋ ಅದು ಇನ್ನೊಂದು ಗೆರೆ. ಇವೆರಡರ ನಡುವಿನದ್ದೇ ಆಂಗಲ್ ಆಫ್ ಅಟ್ಯಾಕ್. ಮೂತಿ ಆಕಾಶದ ಕಡೆ ಎಷ್ಟು ಎದ್ದಿದೆ ಎನ್ನುವುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ವಿಮಾನ ಕೆಳಗೆ ಬೀಳುತ್ತಿದ್ದರೆ ಗಾಳಿ ಕೆಳಗಿನಿಂದ ಬರುತ್ತದೆ, ಅಲ್ವಾ? 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದಲ್ಲಿ ಕೊನೆಗೆ ಮೂತಿ ಮೇಲಕ್ಕೆ ಎದ್ದದ್ದು ಸುಮಾರು 15 ಡಿಗ್ರಿ. ಆದರೆ ವಿಮಾನ ನಿಮಿಷಕ್ಕೆ ಸುಮಾರು 10,000 ಅಡಿ ವೇಗದಲ್ಲಿ ಇಳಿಯುತ್ತಿತ್ತು. ಹಾಗಾಗಿ ರೆಕ್ಕೆಗೆ ಗಾಳಿ ತಾಗುತ್ತಿದ್ದ ಕೋನ 35 ಡಿಗ್ರಿಗೂ ಜಾಸ್ತಿ. ಎಂಜಿನ್‌ಗಳು ಓಡುತ್ತಲೇ ಇದ್ದವು. ರೆಕ್ಕೆ ಮಾತ್ರ ಪೂರ್ತಿ ಸ್ಟಾಲ್‌ನಲ್ಲಿತ್ತು.

ಕೋನ ಹೆಚ್ಚಾದರೆ ರೆಕ್ಕೆ ಯಾಕೆ ಸೋಲುತ್ತದೆ? ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿ ಮುಂದಿನ ಅಂಚಿನ ಹತ್ತಿರ ಜೋರಾಗಿ ಓಡುತ್ತದೆ, ಅಲ್ಲಿ ಒತ್ತಡ ತುಂಬಾ ಕಡಿಮೆ. ಹಿಂದಕ್ಕೆ ಹೋದಂತೆ ಒತ್ತಡ ಏರುತ್ತಾ ಹೋಗುತ್ತದೆ. ಅಂದರೆ ಗಾಳಿ ಏರುತ್ತಿರುವ ಒತ್ತಡದ ಎದುರು ಸಾಗಬೇಕು. ಸೈಕಲ್ ಇಳಿಜಾರಿನಲ್ಲಿ ರಭಸವಾಗಿ ಇಳಿದು, ಆ ರಭಸದಲ್ಲೇ ಎದುರಿನ ದಿಬ್ಬ ಹತ್ತುವ ಹಾಗೆ. ರೆಕ್ಕೆಗೆ ತಾಗಿಕೊಂಡಿರುವ ತೆಳುವಾದ ಗಾಳಿಯ ಪದರ ಘರ್ಷಣೆಯಿಂದ ಮೊದಲೇ ನಿಧಾನವಾಗಿರುತ್ತದೆ. ಕೋನ ಹೆಚ್ಚಿದಷ್ಟೂ ದಿಬ್ಬ ಕಡಿದಾಗುತ್ತದೆ. ಒಂದು ಹಂತದಲ್ಲಿ ಆ ಪದರಕ್ಕೆ ಹತ್ತಲು ಆಗುವುದಿಲ್ಲ, ನಿಂತು ಹಿಂದಕ್ಕೆ ತಿರುಗುತ್ತದೆ. ಮೇಲಿನ ಗಾಳಿ ರೆಕ್ಕೆಯನ್ನು ಬಿಟ್ಟು ಏಳುತ್ತದೆ. ಸಣ್ಣ ವಿಮಾನಗಳ ದಪ್ಪ ರೆಕ್ಕೆಗಳಲ್ಲಿ ಇದು ಹಿಂದಿನ ಅಂಚಿನಿಂದ ಶುರುವಾಗಿ ಮುಂದಕ್ಕೆ ಹರಡುತ್ತದೆ. ಸುಮಾರು 15-16 ಡಿಗ್ರಿ ದಾಟಿದ ಮೇಲೆ ಕೋನ ಹೆಚ್ಚಿಸಿದರೆ ಲಿಫ್ಟ್ ಹೆಚ್ಚುವ ಬದಲು ಇಳಿಯುತ್ತದೆ. ಅದೇ ಸ್ಟಾಲ್. ಲಿಫ್ಟ್ ಸೊನ್ನೆ ಆಗುವುದಿಲ್ಲ, ವಿಮಾನ ಹೊರಲು ಸಾಲದಷ್ಟು ಆಗುತ್ತದೆ ಅಷ್ಟೇ.

ಗಮನಿಸಿ, ಈ ಕಥೆಯಲ್ಲಿ ವೇಗ ಬರಲೇ ಇಲ್ಲ. ಹಾಗಾದರೆ ಅದು ಎಲ್ಲಿಂದ ನುಸುಳಿತು?

ಲಿಫ್ಟ್ ಎರಡರಿಂದ ಬರುತ್ತದೆ: ಕೋನ ಮತ್ತು ವೇಗದ ವರ್ಗ. ನೇರವಾಗಿ ಹಾರುವಾಗ ಲಿಫ್ಟ್ ವಿಮಾನದ ತೂಕಕ್ಕೆ ಸಮ ಇರಲೇಬೇಕು. ವೇಗ ಕಡಿಮೆ ಮಾಡಿದರೆ ಆ ಕೊರತೆಯನ್ನು ಕೋನದಿಂದ ತುಂಬಬೇಕು. 1,100 ಕಿಲೋ ತೂಕದ ಒಂದು ಸಣ್ಣ ವಿಮಾನ, ನೇರ ಹಾರಾಟದಲ್ಲಿ ಅದರ ಸ್ಟಾಲ್ ಸ್ಪೀಡ್ 50 ನಾಟ್ ಎಂದುಕೊಳ್ಳಿ. 100 ನಾಟ್‌ನಲ್ಲಿ ಅದಕ್ಕೆ ಎರಡು-ಮೂರು ಡಿಗ್ರಿ ಕೋನ ಸಾಕು. 70 ನಾಟ್‌ಗೆ ಇಳಿಸಿದರೆ ಸುಮಾರು 7 ಡಿಗ್ರಿ ಬೇಕು. 60 ನಾಟ್‌ನಲ್ಲಿ 10. ಕೊನೆಯ ಹತ್ತು ನಾಟ್‌ನಲ್ಲಿ ಕೋನ ಸರ್ರನೆ ಏರಿ, 50ಕ್ಕೆ ಬರುವಾಗ 16ರ ಅಂಚಿಗೆ ಬಂದು ನಿಲ್ಲುತ್ತದೆ. 50 ನಾಟ್ ಎಂಬ ಸಂಖ್ಯೆಗೆ ಇಷ್ಟೇ ಅರ್ಥ: ಈ ತೂಕವನ್ನು ಹೊರಲು, ನೇರ ಹಾರಾಟದಲ್ಲಿ, ಈ ವೇಗದಲ್ಲಿ ರೆಕ್ಕೆಗೆ ಇರುವ ಕೋನವೆಲ್ಲ ಖರ್ಚಾಗುತ್ತದೆ.

ಹೊರಬೇಕಾದ ಭಾರ ಬದಲಾದರೆ ಆ ಸಂಖ್ಯೆಯೂ ಬದಲಾಗುತ್ತದೆ. ಇಬ್ಬರನ್ನು ಇಳಿಸಿ, ಇಂಧನ ಸ್ವಲ್ಪ ಕಡಿಮೆ ಮಾಡಿ ವಿಮಾನ 850 ಕಿಲೋಗೆ ಬಂತು ಅನ್ನಿ. ಸ್ಟಾಲ್ ಸ್ಪೀಡ್ ತೂಕದ ವರ್ಗಮೂಲದ ಪ್ರಕಾರ ಇಳಿಯುತ್ತದೆ. ಈಗ ಅದು ಸುಮಾರು 44 ನಾಟ್. ಕೋನ ಮಾತ್ರ ಅದೇ 16.

ತೂಕ ಬದಲಾಗುವುದು ನಿಧಾನ. ಒಂದೇ ನಿಮಿಷದಲ್ಲಿ 50 ಇದ್ದದ್ದು 70 ಆಗುವುದು ತಿರುವಿನಲ್ಲಿ. ನಿಮ್ಮ ಪ್ರಶ್ನೆಯ ತಿರುಳೂ ಇದೇ ಅನ್ನಿಸುತ್ತದೆ. ವಿಮಾನ ಓರೆಯಾದಾಗ ಲಿಫ್ಟ್ ಕೂಡ ಓರೆಯಾಗುತ್ತದೆ. ಅದರ ಒಂದು ಪಾಲು ವಿಮಾನವನ್ನು ತಿರುಗಿಸಲು ಹೋಗುತ್ತದೆ, ಉಳಿದ ಪಾಲು ತೂಕ ಹೊರಬೇಕು. ಎತ್ತರ ಉಳಿಸಿಕೊಳ್ಳಬೇಕಾದರೆ ಒಟ್ಟು ಲಿಫ್ಟ್ ಹೆಚ್ಚಾಗಬೇಕು, ಅದಕ್ಕೆ ಯೋಕ್ ಎಳೆಯಬೇಕು. 45 ಡಿಗ್ರಿ ಓರೆಗೆ ತೂಕದ 1.41 ಪಟ್ಟು ಲಿಫ್ಟ್ ಬೇಕು, 60 ಡಿಗ್ರಿಗೆ ಎರಡು ಪಟ್ಟು. ಎಷ್ಟು ಪಟ್ಟು ಎಂಬ ಈ ಸಂಖ್ಯೆಗೆ n ಅನ್ನುತ್ತಾರೆ, ನೇರ ಹಾರಾಟದ ಸ್ಟಾಲ್ ಸ್ಪೀಡ್‌ಗೆ Vs. ಹೊಸ ಸ್ಟಾಲ್ ಸ್ಪೀಡ್ ಹೀಗೆ ಸಿಗುತ್ತದೆ:

```
Vs × √n
```

45 ಡಿಗ್ರಿಯಲ್ಲಿ ನಮ್ಮ ವಿಮಾನಕ್ಕೆ ಸುಮಾರು 60 ನಾಟ್, 60 ಡಿಗ್ರಿಯಲ್ಲಿ 71.

ಇದನ್ನು ಲ್ಯಾಂಡಿಂಗ್‌ಗೆ ಬರುವ ಕೊನೆಯ ತಿರುವಿಗೆ ಹಾಕಿ ನೋಡಿ. ಸಾಮಾನ್ಯವಾಗಿ ಸ್ಟಾಲ್ ಸ್ಪೀಡ್‌ನ 1.3 ಪಟ್ಟು ವೇಗದಲ್ಲಿ ಬರುತ್ತೇವೆ, ಅಂದರೆ 65 ನಾಟ್. ಹದಿನೈದು ನಾಟ್ ಕೈಯಲ್ಲಿದೆ ಎಂಬ ಧೈರ್ಯ. ಆದರೆ ರೆಕ್ಕೆಯ ಲೆಕ್ಕದಲ್ಲಿ ನೋಡಿದರೆ 1.3ರ ವರ್ಗ 1.69. ಆ ವೇಗದಲ್ಲಿ ರೆಕ್ಕೆ ತೂಕದ 1.69 ಪಟ್ಟಿಗಿಂತ ಹೆಚ್ಚು ಲಿಫ್ಟ್ ಕೊಡಲಾರದು. ಎತ್ತರ ಕಳೆದುಕೊಳ್ಳದೆ ತಿರುಗುವುದಾದರೆ ಸುಮಾರು 54 ಡಿಗ್ರಿ ಓರೆಯಲ್ಲೇ ಅದು ಮುಗಿದುಹೋಗುತ್ತದೆ. ಸ್ಪೀಡ್ ಮೀಟರ್ ಆಗಲೂ 65 ಎಂದೇ ತೋರಿಸುತ್ತಿರುತ್ತದೆ.

ಹಿಂದಿನಿಂದ ಗಾಳಿ ತಳ್ಳಿ, ತಿರುವು ಮುಗಿಯುವ ಮುಂಚೆಯೇ ವಿಮಾನ ರನ್‌ವೇಯ ನೇರವನ್ನು ದಾಟಿಹೋಯಿತು ಎಂದುಕೊಳ್ಳಿ. ಪೈಲಟ್ ಓರೆ ಹೆಚ್ಚಿಸಿ ಎಳೆಯುತ್ತಾನೆ. ಅಥವಾ ನೆಲದ ಹತ್ತಿರ ಓರೆ ಮಾಡಲು ಹೆದರಿ, ಬಾಲದ ರಡ್ಡರ್ ತಿರುಗಿಸುವ ಪೆಡಲ್ ಒತ್ತಿ ಮೂತಿಯನ್ನು ಒಳಕ್ಕೆ ತಳ್ಳುತ್ತಾನೆ. ಎರಡನೆಯದು ಇನ್ನೂ ಕೆಟ್ಟದ್ದು. ಮೂತಿ ಕೆಳಗೆ ಜಾರುತ್ತದೆ, ಅವನು ಎಳೆಯುತ್ತಾನೆ. ಓರೆ ತಾನಾಗಿ ಹೆಚ್ಚುತ್ತದೆ, ಅದನ್ನು ತಡೆಯಲು ಯೋಕ್ ಆಚೆಗೆ ತಿರುಗಿಸುತ್ತಾನೆ. ಆಗ ತಿರುವಿನ ಒಳಗಿನ ರೆಕ್ಕೆಯ ತುದಿಯಲ್ಲಿ ಏಲರಾನ್ ಎಂಬ ಹಿಂಬದಿಯ ಹಲಗೆ ಕೆಳಗಿಳಿದು ಅಲ್ಲಿನ ಕೋನ ಇನ್ನೂ ಹೆಚ್ಚುತ್ತದೆ. ಆ ರೆಕ್ಕೆ ಮೊದಲು ಸ್ಟಾಲ್ ಆಗಿ ಕುಸಿದು ಸ್ಪಿನ್ ಶುರು, ಅಂದರೆ ವಿಮಾನ ಸುತ್ತುತ್ತಾ ಬೀಳುತ್ತದೆ. ಅಷ್ಟು ಕಡಿಮೆ ಎತ್ತರದಲ್ಲಿ ಸರಿಪಡಿಸಲು ಜಾಗವೇ ಇರುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಅದನ್ನು ಹಲವರು ತಪ್ಪಾಗಿ ಹೇಳುತ್ತಾರೆ. ಓರೆಯಾದ ಮಾತ್ರಕ್ಕೆ ಸ್ಟಾಲ್ ಸ್ಪೀಡ್ ಏರುವುದಿಲ್ಲ. ಏರುವುದು ಎಳೆದದ್ದರಿಂದ. 60 ಡಿಗ್ರಿ ಓರೆಯಲ್ಲೂ ಯೋಕ್ ಸಡಿಲ ಬಿಟ್ಟು ಮೂತಿ ಇಳಿಯಲು ಬಿಟ್ಟರೆ ರೆಕ್ಕೆಯ ಮೇಲೆ ಹೆಚ್ಚಿನ ಭಾರವೇ ಇರುವುದಿಲ್ಲ. ಹಾಗೆಯೇ, ಓರೆ ಸ್ವಲ್ಪವೂ ಇಲ್ಲದೆ ನೇರ ಡೈವ್‌ನಿಂದ 100 ನಾಟ್‌ನಲ್ಲಿ ಜೋರಾಗಿ ಎಳೆದರೆ ತೂಕದ ನಾಲ್ಕು ಪಟ್ಟಿನ ಹತ್ತಿರ ನಮ್ಮ ವಿಮಾನ ಸ್ಟಾಲ್ ಆಗುತ್ತದೆ, ಮೂತಿ ನೆಲದ ಕಡೆಗೇ ಇದ್ದರೂ ಸಹ. ಎರಡು ಪಟ್ಟು ವೇಗ, ಅದರ ವರ್ಗ ನಾಲ್ಕು.

ವಿದ್ಯಾರ್ಥಿಗಳಿಗೆ ಇದನ್ನು ನಾನು ಕಿವಿಯಿಂದ ಕಲಿಸುತ್ತೇನೆ. ಸೆಸ್ನಾ 172ರ ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಣ್ಣ ತೂತಿದೆ. ಕೋನ ಹೆಚ್ಚಿದಾಗ ರೆಕ್ಕೆಯ ಮೇಲಿನ ಕಡಿಮೆ ಒತ್ತಡದ ಜಾಗ ಆ ತೂತಿನವರೆಗೆ ಚಾಚುತ್ತದೆ. ಒಳಗಿನ ಗಾಳಿ ಹೊರಕ್ಕೆ ಎಳೆಯಲ್ಪಟ್ಟು ಪೀಪಿಯ ಹಾಗೆ ಊದುತ್ತದೆ. ಕರೆಂಟ್ ಬೇಡ, ಏನೂ ಬೇಡ. ಹಾರುವ ಮುಂಚೆ ಕೆಲವರು ಆ ತೂತಿಗೆ ಕರವಸ್ತ್ರ ಇಟ್ಟು ಬಾಯಿಂದ ಎಳೆದು ಪರೀಕ್ಷಿಸುತ್ತಾರೆ. ಮೊದಲ ಸಲ ನೋಡುವವರು ನಗದೇ ಇರುವುದಿಲ್ಲ. ನೇರ ಹಾರಾಟದಲ್ಲಿ ಈ ಪೀಪಿ ಸ್ಟಾಲ್‌ಗೆ ಐದು-ಹತ್ತು ನಾಟ್ ಮುಂಚೆ ಊದುತ್ತದೆ. ಸಾಕಷ್ಟು ಎತ್ತರಕ್ಕೆ ಹೋಗಿ ಕಡಿದಾದ ತಿರುವು ಹಾಕಿ ಎಳೆಯಿಸಿದರೆ, ಮೀಟರ್ ಎಷ್ಟೋ ಮೇಲಿದ್ದರೂ ಅದೇ ಪೀಪಿ ಕೂಗುತ್ತದೆ. ವಿದ್ಯಾರ್ಥಿ ಗಾಬರಿಯಿಂದ ಮೀಟರ್ ನೋಡುತ್ತಾನೆ. ಯೋಕ್ ಒಂದೆರಡು ಇಂಚು ಮುಂದಕ್ಕೆ ಬಿಡು ಎನ್ನುತ್ತೇನೆ. ಬಿಟ್ಟ ಕೂಡಲೇ ಸದ್ದು ನಿಲ್ಲುತ್ತದೆ. ವೇಗ ಇನ್ನೂ ಬದಲಾಗಿರುವುದಿಲ್ಲ, ಕೋನ ಬದಲಾಗಿರುತ್ತದೆ.

ಸ್ಟಾಲ್ ನಿಜವಾಗಿ ಆದರೂ ಮೊದಲ ಕೆಲಸ ಇದೇ: ಎಳೆಯುವುದನ್ನು ಬಿಡುವುದು. ಎಂಜಿನ್ ಶಕ್ತಿ, ರೆಕ್ಕೆ ಸಮ ಮಾಡುವುದು ಎಲ್ಲ ಆಮೇಲೆ.

"ಕೋನ ಒಂದೇ" ಅಂದೆನಲ್ಲ, ಅದಕ್ಕೂ ಮಿತಿ ಇದೆ. ರೆಕ್ಕೆಯ ಆಕಾರ ಬದಲಾಗದಿದ್ದರೆ ಮಾತ್ರ ಆ ಮಾತು ಸರಿ. ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಫ್ಲ್ಯಾಪ್ ಎಂಬ ಹಲಗೆ ಇಳಿಸಿದರೆ ಆಕಾರ ಬದಲಾಗಿ, ರೆಕ್ಕೆ ಕೊಡಬಲ್ಲ ಲಿಫ್ಟ್ ಹೆಚ್ಚುತ್ತದೆ, ಸ್ಟಾಲ್ ಸ್ಪೀಡ್ ಇಳಿಯುತ್ತದೆ. ಮುಂದಿನ ಅಂಚಿಗೆ ಮಂಜುಗಡ್ಡೆ ಅಂಟಿದರೆ ತದ್ವಿರುದ್ಧ. ಮರಳು ಕಾಗದದಷ್ಟು ಒರಟಾದ ಪದರ ಸಾಕು, ಗಾಳಿ ಎಷ್ಟೋ ಕಡಿಮೆ ಕೋನದಲ್ಲೇ ರೆಕ್ಕೆ ಬಿಟ್ಟು ಏಳುತ್ತದೆ, ಎಚ್ಚರಿಕೆ ಕೂಗುವ ಮುಂಚೆಯೇ ಸ್ಟಾಲ್ ಆಗಬಹುದು.

ಇನ್ನು ಆ ನಂಬರ್ ಯಾಕೆ ಕೊಡುತ್ತಾರೆ ಅಂದರೆ, ಬಹುತೇಕ ಸಣ್ಣ ವಿಮಾನಗಳಲ್ಲಿ ಕೋನ ತೋರಿಸುವ ಮೀಟರ್ ಇರುವುದಿಲ್ಲ, ವೇಗದ್ದು ಇರುತ್ತದೆ. ಮೀಟರ್ ಮೇಲಿನ ಹಸಿರು ಪಟ್ಟಿಯ ಕೆಳ ತುದಿ ಫ್ಲ್ಯಾಪ್ ಇಲ್ಲದ ಸ್ಟಾಲ್ ಸ್ಪೀಡ್, ಬಿಳಿ ಪಟ್ಟಿಯದ್ದು ಫ್ಲ್ಯಾಪ್ ಪೂರ್ತಿ ಇಳಿಸಿದಾಗಿನದ್ದು. ಎರಡೂ ಪೂರ್ಣ ತೂಕಕ್ಕೆ, ಎಳೆತವಿಲ್ಲದ ನೇರ ಹಾರಾಟಕ್ಕೆ ಹಾಕಿದ ಗುರುತು. ವಿಮಾನವಾಹಕ ಹಡಗಿನ ಮೇಲೆ ಇಳಿಯುವ ಫೈಟರ್ ಪೈಲಟ್‌ಗಳ ರೀತಿ ಬೇರೆ. ಉಳಿದ ಇಂಧನ, ಉಳಿದ ಆಯುಧಕ್ಕೆ ತಕ್ಕ ಹಾಗೆ ಅವರ ತೂಕ ಪ್ರತಿ ಸಲ ಬದಲಾಗುತ್ತದೆ. ಎಫ್/ಎ-18 ಹಾರಿಸುವವರು 8.1 ಡಿಗ್ರಿ ಕೋನ ಹಿಡಿದು ಇಳಿಯುತ್ತಾರೆ. ಆ ದಿನದ ತೂಕಕ್ಕೆ ಬೇಕಾದ ವೇಗ ತಾನಾಗಿ ಸಿಗುತ್ತದೆ.