ಗರ್ಭನಿರೋಧಕ ಮಾತ್ರೆ, ಹಾರ್ಮೋನ್ ಚಿಕಿತ್ಸೆ ಮತ್ತು ಬಿಪಿ

ಪ್ರಶ್ನೆ: ಗರ್ಭನಿರೋಧಕ ಮಾತ್ರೆಯಿಂದ ಬಿಪಿ ಏರುತ್ತಾ? ಮುಟ್ಟು ನಿಂತ ಮೇಲೆ ಕೊಡುವ ಹಾರ್ಮೋನ್‌ನಿಂದಲೂ ಹಾಗೇನಾ?

ಈಸ್ಟ್ರೋಜನ್ ಇರುವ ಮಾತ್ರೆಯಿಂದ ಏರಬಹುದು. ನುಂಗಿದ ಈಸ್ಟ್ರೋಜನ್ ನೇರ ಲಿವರ್‌ಗೆ ಹೋಗುತ್ತದೆ. ಅಲ್ಲಿ ಆಂಜಿಯೋಟೆನ್ಸಿನೋಜನ್ ಎಂಬ ಪ್ರೋಟೀನ್ ಜಾಸ್ತಿ ತಯಾರಾಗುತ್ತದೆ. ಅದರಿಂದ ರಕ್ತನಾಳ ಬಿಗಿಯಾಗಿ, ಉಪ್ಪು, ನೀರು ಮೈಯಲ್ಲೇ ಉಳಿಯುತ್ತವೆ. ಹೆಚ್ಚಿನವರಿಗೆ ಏರಿಕೆ ಸ್ವಲ್ಪವೇ, ಕೆಲವರಿಗೆ ಮಾತ್ರ ಜೋರು. ಯಾರಿಗೆ ಅಂತ ಮೊದಲೇ ಹೇಳಲಾಗದು, ಅದಕ್ಕೇ ಅಳೆಯಬೇಕು.

ಮಾತ್ರೆಗೆ ಮುಂಚೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸಾಕು. ಶುರುವಿನಲ್ಲಿ 116/74 ಇದ್ದವರಿಗೆ ಮೂರು ತಿಂಗಳಿಗೆ 144/92 ಬಂತು ಅನ್ನಿ. ಗಾಬರಿ ಬೇಡ. ಐದು ನಿಮಿಷ ಸುಮ್ನೆ ಕೂತು, ಬೆಳಿಗ್ಗೆ ಸಂಜೆ ಎರಡೆರಡು ಸಲ, ಒಂದು ವಾರ ಅಳೆದು ಬರೆದಿಡಿ. ಆಗಲೂ ಜಾಸ್ತಿಯೇ ಇದ್ದರೆ ವೈದ್ಯರು ಸಾಮಾನ್ಯವಾಗಿ ಈಸ್ಟ್ರೋಜನ್ ಇಲ್ಲದ, ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರವೇ ಇರುವ ಮಾತ್ರೆಗೋ ಕಾಪರ್-ಟಿಗೋ ಬದಲಿಸುತ್ತಾರೆ. ಬಿಪಿ ಕೆಲವು ತಿಂಗಳಲ್ಲಿ ಇಳಿಯುವುದೇ ಹೆಚ್ಚು. ಆದರೆ ಬದಲಿ ವ್ಯವಸ್ಥೆ ಇಲ್ಲದೆ ಮಾತ್ರೆ ಬಿಟ್ಟುಬಿಡಬೇಡಿ, ಗರ್ಭ ನಿಂತೀತು! 160/100 ದಾಟಿದರೆ ಕಾಯದೆ ತೋರಿಸಿ.

ಮುಟ್ಟು ನಿಂತವರ ಡೋಸ್ ಕಡಿಮೆ. ಚರ್ಮಕ್ಕೆ ಹಚ್ಚುವ ಪ್ಯಾಚ್, ಜೆಲ್ ಮೊದಲು ಲಿವರ್‌ಗೆ ಹೋಗದೆ ನೇರ ರಕ್ತಕ್ಕೆ ಸೇರುವುದರಿಂದ ಬಿಪಿ ಸಾಮಾನ್ಯವಾಗಿ ಏರದು. ಬಿಪಿ ಇದ್ದವರಿಗೆ ನುಂಗುವ ಮಾತ್ರೆಗಿಂತ ಅದೇ ವಾಸಿ. ಅಳೆಯುವ ಲೆಕ್ಕ ಮಾತ್ರ ಇದೇ.